ಆರು ಅಂಕಿ ಮುಂದಕ್ಕೆ, ಎರಡೇ ಅಂಕಿ ಹಿಂದಕ್ಕೆ

ಅಪಘಾತದಲ್ಲಿ ಹಣೆಯ ಭಾಗಕ್ಕೆ ಪೆಟ್ಟು ಬಿದ್ದು ಚೇತರಿಸಿಕೊಂಡಿದ್ದ ಒಬ್ಬರು ನನ್ನೆದುರು ಕೂತು, "ನನ್ನ ನೆನಪಿನ ಶಕ್ತಿಯೇ ಹೋಗಿದೆ ಡಾಕ್ಟ್ರೇ" ಎಂದರು. ಸೆಕೆಂಡಿಗೆ ಒಂದರಂತೆ ಅಂಕಿಗಳನ್ನು ಓದಿ ಹೇಳಿದೆ: 5, 8, 2, 9, 4, 1. ಆರನ್ನೂ ತಪ್ಪಿಲ್ಲದೆ ಒಪ್ಪಿಸಿದರು. ಆಮೇಲೆ ಕೇಳಿಸಿಕೊಂಡದ್ದನ್ನು ಕೊನೆಯಿಂದ ಮೊದಲಿಗೆ ಹೇಳಲು ಕೇಳಿದೆ. ಎರಡು ಅಂಕಿ ಸರಿಬಂದವು. 7, 3, 6 ಎಂದಾಗ "6, 7, 3" ಎಂದರು. ಮತ್ತೊಮ್ಮೆ ಬೇರೆ ಮೂರು ಅಂಕಿ ಕೊಟ್ಟರೆ, ಉತ್ತರದಲ್ಲಿ ಹಿಂದಿನ ಸರದಿಯ 7 ನುಸುಳಿತ್ತು.

ಇವರ ನೆನಪು ಹೋಗಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸಲು ಮನಸ್ಸಿನೊಳಗೇ ಒಮ್ಮೆ ಗುನುಗಿಕೊಂಡರೆ ಸಾಕು, ಅದಕ್ಕೆ ಮಾತಿಗೆ ಸಂಬಂಧಿಸಿದ ಭಾಗಗಳೇ ಹೆಚ್ಚಾಗಿ ನೆರವಾಗುತ್ತವೆ. ತಿರುಗಿಸಿ ಹೇಳುವಾಗ ಮಾತ್ರ ಅಂಕಿಗಳನ್ನು ಹಿಡಿದುಕೊಂಡೇ ಅವುಗಳ ಜಾಗ ಬದಲಿಸಬೇಕು, ಹಳೆಯ ಸರದಿಯದನ್ನು ಹೊರಗಿಡಬೇಕು. ಇದು ವರ್ಕಿಂಗ್ ಮೆಮೊರಿಯ ಕೆಲಸ. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಇಲ್ಲಿ ಅನಿವಾರ್ಯ.

"ಹಿಡಿದುಕೊಳ್ಳುವುದು" ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತೇನೆ. 1971ರಲ್ಲಿ ಹೋಕಿನ್ ಫಸ್ಟರ್ ಮತ್ತು ಗ್ಯಾರೆಟ್ ಅಲೆಕ್ಸಾಂಡರ್ ಮಂಗಗಳ ಮಿದುಳಿನಲ್ಲಿ ಇದನ್ನು ಕಂಡರು. ತಿನಿಸು ಎಲ್ಲಿದೆ ಎಂದು ತೋರಿಸಿ ಪರದೆ ಮುಚ್ಚಿದ ಮೇಲೂ, ಮಂಗ ಕಾಯುತ್ತಿರುವಷ್ಟು ಹೊತ್ತು ಪ್ರಿಫ್ರಂಟಲ್ ಭಾಗದ ಕೆಲವು ನರಕೋಶಗಳು ಮಿಡಿಯುತ್ತಲೇ ಇದ್ದವು. ಮುಂದೆ ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಕ್ ಮತ್ತು ಸಂಗಡಿಗರು ಇಂಥ ಬಹುತೇಕ ನರಕೋಶಗಳಿಗೆ ತಮಗೆ ಪ್ರಿಯವಾದ ದಿಕ್ಕು ಇದೆಯೆಂದು ತೋರಿಸಿದರು. ಅವರ ಪರೀಕ್ಷೆಯಲ್ಲಿ ಪರದೆಯ ಮೇಲೆ ಒಂದು ಚುಕ್ಕೆ ಮಿಂಚಿ ಮರೆಯಾಗುತ್ತದೆ, ತುಸು ಕಾದ ಮೇಲೆ ಮಂಗ ಅದಿದ್ದ ಕಡೆಗೆ ಕಣ್ಣು ಹೊರಳಿಸಬೇಕು. ಚುಕ್ಕೆ ಆ ದಿಕ್ಕಿನಲ್ಲಿ ಮಿಂಚಿ ಮರೆಯಾದರೂ ಆ ಕೋಶ ಮಿಡಿತ ನಿಲ್ಲಿಸದು. ನಡುವೆ ಮಿಡಿತ ಕುಗ್ಗಿದ ಸರದಿಗಳಲ್ಲಿ ಮಂಗದ ಕಣ್ಣು ತಪ್ಪು ಕಡೆಗೆ ಹೊರಳುತ್ತಿತ್ತು.

ಒಮ್ಮೆಗೆ ಎಷ್ಟು ವಿಷಯಗಳನ್ನು ಹಿಡಿದುಕೊಳ್ಳಬಹುದು ಎಂಬ ಮಿತಿ ಹುಟ್ಟುವುದೂ ಇಲ್ಲಿಂದಲೇ. ಒಂದೇ ವಿಷಯವನ್ನು ಹಿಡಿದಿರುವ ಕೋಶಗಳು ಪರಸ್ಪರ ಪ್ರಚೋದಿಸಿಕೊಂಡು ಮಿಡಿತವನ್ನು ಜೀವಂತವಾಗಿಡುತ್ತವೆ. ಆ ಪ್ರಚೋದನೆ ಕೈಮೀರದಂತೆ ತಡೆಯುವ ಬೇರೆ ಕೋಶಗಳಿವೆ. ತೊಂದರೆಯೆಂದರೆ, ಆ ತಡೆ ವಿಶಾಲವಾಗಿ ಹರಡುತ್ತದೆ, ಪಕ್ಕದ ಗುಂಪುಗಳನ್ನೂ ಅದುಮುತ್ತದೆ. ಒಂದೇ ವಿಷಯವಿದ್ದಾಗ ಅದರ ಗುಂಪು ಗಟ್ಟಿಯಾಗಿ ಮಿಡಿಯುತ್ತದೆ. ಎರಡಾದರೆ ಎರಡೂ ತುಸು ತಗ್ಗುತ್ತವೆ. ನಾಲ್ಕನ್ನು ದಾಟುವ ಹೊತ್ತಿಗೆ ಯಾವುದೋ ಒಂದು ಗುಂಪು ಆರಿಹೋಗುತ್ತದೆ, ಇಲ್ಲವೇ ಹತ್ತಿರದ ಎರಡು ಬೆರೆತುಹೋಗುತ್ತವೆ. ಪೆಟ್ಟಿಗೆ ತುಂಬಿದ್ದರಿಂದ ಹೊರಗುಳಿದ ಹಾಗಲ್ಲ ಇದು. ಒಳಗಿರುವವೇ ಒಂದನ್ನೊಂದು ನಂದಿಸುತ್ತವೆ. ಮಿತಿಯೆಂದರೆ ಇಷ್ಟೇ ಎಂಬ ಗೂಡುಗಳೋ, ಹಂಚಿಕೊಂಡಷ್ಟೂ ತೆಳುವಾಗುವ ಒಂದೇ ಸಂಪನ್ಮೂಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ಪೈಪೋಟಿಯ ಈ ಚಿತ್ರ ನನ್ನ ಅನುಭವಕ್ಕೆ ಹೆಚ್ಚು ಒಪ್ಪುತ್ತದೆ, ಏಕೆಂದರೆ ಜನ ಮರೆಯುವುದಷ್ಟೇ ಅಲ್ಲ, ಅದಲು ಬದಲೂ ಮಾಡುತ್ತಾರೆ.

ಈ ಮಿತಿಯನ್ನು ಅಳೆಯಬಹುದು. ಪರದೆಯ ಮೇಲೆ 8 ಬಣ್ಣದ ಚೌಕಗಳನ್ನು ಕ್ಷಣಕಾಲ ತೋರಿಸಿ, ಒಂದು ಸೆಕೆಂಡಿನ ನಂತರ ಒಂದು ಚೌಕವನ್ನು ಮಾತ್ರ ಮತ್ತೆ ತೋರಿಸಿ, ಬಣ್ಣ ಬದಲಾಗಿದೆಯೇ ಎಂದು ಕೇಳುತ್ತೇವೆ. ಬದಲಾದಾಗ 100ರಲ್ಲಿ 60 ಸಲ "ಹೌದು" ಎಂದರು, ಬದಲಾಗದಿದ್ದಾಗಲೂ 10 ಸಲ "ಹೌದು" ಎಂದರು ಎಂದುಕೊಳ್ಳಿ. ಆ 10 ಊಹೆಯ ಪಾಲು. ಅದನ್ನು ಕಳೆದರೆ 0.6 − 0.1 = 0.5, ಅದನ್ನು 8ರಿಂದ ಗುಣಿಸಿದರೆ 4. ಇದು ನೆಲ್ಸನ್ ಕೋವನ್ ಅವರ ಲೆಕ್ಕ. ಆರೋಗ್ಯವಂತ ವಯಸ್ಕರಲ್ಲಿ ಸುಮಾರು 3ರಿಂದ 5 ಬರುತ್ತದೆ. 1956ರಲ್ಲಿ ಜಾರ್ಜ್ ಮಿಲ್ಲರ್ ಹೇಳಿದ 7 ಹೆಚ್ಚು ಪ್ರಸಿದ್ಧ. ಆದರೆ ಗುನುಗಿಕೊಳ್ಳಲು, ಜೋಡಿಸಿಕೊಳ್ಳಲು ಅವಕಾಶವಿದ್ದಾಗ ಸಿಗುವ ಸಂಖ್ಯೆ ಅದು. 201920202021 ಎಂಬ 12 ಅಂಕಿಗಳು ಯಾರಿಗೂ ಭಾರವಲ್ಲ. ಮೂರು ವರ್ಷಗಳು ಎಂದು ಹಳೆಯ ನೆನಪು ಗಂಟು ಕಟ್ಟಿಕೊಡುತ್ತದೆ, ಹಿಡಿಯಬೇಕಾದದ್ದು ಮೂರೇ.

ಇನ್ನು ಹಣೆಗೆ ಪೆಟ್ಟು ಬಿದ್ದಿದ್ದ ನಮ್ಮವರ ವಿಷಯ. ಬಾಯಿಲೆಕ್ಕದಲ್ಲಿ 47ಕ್ಕೆ 38 ಕೂಡಿಸಲು ಹೇಳಿದೆ. ಎರಡು ಸಂಖ್ಯೆ, ಬಿಡಿಸ್ಥಾನಕ್ಕೆ ಬಂದ 5, ದಶಕ 1: ಮಧ್ಯದಲ್ಲಿ ನಾಲ್ಕನ್ನು ಒಟ್ಟಿಗೆ ಹಿಡಿದಿರಬೇಕು. ಅವರು "75" ಎಂದರು. ಕೂಡಿಸಲು ಬರದವರ ತಪ್ಪಲ್ಲ ಅದು, ಹಿಡಿದಿದ್ದ ದಶಕ ಆರಿಹೋದವರ ತಪ್ಪು. ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಮುಂದಿಟ್ಟೆ, ಹೊರುವುದು ಅರ್ಧವಾಯಿತು. ಒಂದು ನಿಮಿಷ ನೋಡಿ, "85" ಎಂದರು.