ಆರು ಪ್ಯಾರಾದ ಕೊನೆಯಲ್ಲಿ ಅಡಗಿದ್ದ ಒಂದು ಟ್ಯಾಂಕರ್

ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೆ ಕಚೇರಿ ಪತ್ರವ್ಯವಹಾರ ಹೇಳಿಕೊಡುವ ಕೆಲಸ ನನ್ನದು. ಕಳೆದ ತರಬೇತಿಯಲ್ಲಿ ಒಬ್ಬ ಕಾರ್ಯದರ್ಶಿ ತಾವು ಅಂದೇ ಜಿಲ್ಲಾ ಒಕ್ಕೂಟಕ್ಕೆ ಕಳುಹಿಸಬೇಕಿದ್ದ ಇ-ಮೇಲಿನ ಕರಡನ್ನು ತಂದಿದ್ದರು. ಆರು ಪ್ಯಾರಾ, ಸುಮಾರು ನಾನೂರು ಪದ. ಸಂಘ ಸ್ಥಾಪನೆಯಾದ ವರ್ಷ ಮತ್ತು ಸದಸ್ಯರ ಸಂಖ್ಯೆಯಿಂದ ಆರಂಭವಾಗಿ, ಹಾಲು ತಂಪಾಗಿಸುವ ಬಿಎಂಸಿ ಘಟಕ ಅಳವಡಿಸಿದ ಕಥೆ, ಹಿಂದಿನ ದುರಸ್ತಿ, 12ನೇ ತಾರೀಖಿನ ರಾತ್ರಿ ಎರಡು ಕಂಪ್ರೆಸರ್‌ಗಳಲ್ಲಿ ಒಂದು ಸುಟ್ಟದ್ದು, ಯಾರಿಗೆ ಎಷ್ಟು ಸಲ ಫೋನ್ ಮಾಡಿದರು ಎಂಬ ವಿವರ, ಎರಡು ಬಾರಿ ಹಾಲು ತಿರಸ್ಕೃತವಾದದ್ದು ಎಲ್ಲವೂ ಅದರಲ್ಲಿದ್ದವು. ಕೊನೆಯ ಸಾಲು ಹೀಗಿತ್ತು: ‘ಆದ್ದರಿಂದ ತಾವು ಈ ಬಗ್ಗೆ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’

ಈ ಆಕಾರ ಅವರ ತಪ್ಪಲ್ಲ. ಶಾಲೆಯಲ್ಲಿ ರಜಾ ಅರ್ಜಿ ಬರೆದ ದಿನದಿಂದ ನಾವು ಕಾರಣವನ್ನು ಮೊದಲು ಹೇಳಿ, ‘ಆದಕಾರಣ’ ಎಂದು ತಿರುಗಿ, ಬೇಡಿಕೆಯನ್ನು ಸಹಿಯ ಮೇಲಿನ ಸಾಲಿನಲ್ಲಿ ಇಡುವುದನ್ನೇ ರೂಢಿಸಿಕೊಂಡಿದ್ದೇವೆ. ಒಂದು ಹಾಳೆಯ ಅರ್ಜಿಯಲ್ಲಿ ಇದು ನಡೆಯುತ್ತದೆ, ಏಕೆಂದರೆ ಓದುವವರ ಕಣ್ಣು ನೇರವಾಗಿ ಕೊನೆಗೇ ಹೋಗುತ್ತದೆ. ಮೊಬೈಲಿನಲ್ಲಿ ತೆರೆಯುವ ಇ-ಮೇಲಿನಲ್ಲಿ ಮೊದಲು ಕಾಣುವುದು ವಿಷಯದ ಸಾಲು ಮತ್ತು ಅದರ ಕೆಳಗಿನ ಒಂದೆರಡು ಸಾಲು ಮಾತ್ರ. ಅಲ್ಲಿ ಸಂಘ ಸ್ಥಾಪನೆಯಾದ ವರ್ಷ ಕಂಡರೆ ಅಧಿಕಾರಿ ‘ಆಮೇಲೆ ನೋಡೋಣ’ ಎಂದು ಮುಂದೆ ಹೋಗುತ್ತಾರೆ.

ಕರಡನ್ನು ಚಿಕ್ಕದು ಮಾಡಿ ಎಂದರೆ ಬಹಳಷ್ಟು ಜನ ಮೊದಲ ಪ್ಯಾರಾದಿಂದಲೇ ಪದಗಳನ್ನು ಕತ್ತರಿಸಲು ತೊಡಗುತ್ತಾರೆ. ಹಾಗೆ ಮಾಡಿದರೆ ಆರು ಉದ್ದ ಪ್ಯಾರಾಗಳು ಆರು ಗಿಡ್ಡ ಪ್ಯಾರಾಗಳಾಗುತ್ತವೆಯೇ ಹೊರತು ಬೇಡಿಕೆ ಮೇಲೆ ಬರುವುದಿಲ್ಲ. ನಾನು ಕರಡನ್ನು ಮಡಚಿಟ್ಟು ಕೇಳಿದೆ: ‘ಇದನ್ನು ಓದಿದ ಅಧಿಕಾರಿ ಏನು ಮಾಡಬೇಕು?’ ಅವರು ತಕ್ಷಣ ಹೇಳಿದರು: ‘ಸಾರ್, ಕಂಪ್ರೆಸರ್ ಬದಲಾಯಿಸಿ ಕೊಡಬೇಕು. ಅಲ್ಲೀವರೆಗೂ ಸಂಜೆ ಹೊತ್ತೂ ಒಂದ್ಸಲ ಟ್ಯಾಂಕರ್ ಕಳಿಸಬೇಕು.’ ನಾನೂರು ಪದಗಳ ಕರಡಿನಲ್ಲಿ ಟ್ಯಾಂಕರ್ ಎಂಬ ಮಾತು ಐದನೆಯ ಪ್ಯಾರಾದಲ್ಲಿ ಒಮ್ಮೆ ಮಾತ್ರ, ಅದೂ ‘ಬೆಳಿಗ್ಗೆ ಮಾತ್ರ ಬರುತ್ತಿದ್ದು’ ಎಂಬ ರೂಪದಲ್ಲಿ ಬಂದಿತ್ತು. ಕೇಳಬೇಕಾದದ್ದು ಬಾಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ಆದ್ದರಿಂದ ಬಾಯಿಂದ ಬಂದ ಆ ಉತ್ತರವನ್ನೇ ಮೊದಲು ಬರೆದುಕೊಳ್ಳಬೇಕು. ಹಳೆಯ ಕರಡು ಆಮೇಲೆ ಬೇಕಾದ ಸಂಗತಿಗಳನ್ನು ಆರಿಸಿಕೊಳ್ಳುವ ಉಗ್ರಾಣವಾಗಬೇಕು, ಅಷ್ಟೇ.

ಆ ಉತ್ತರದಲ್ಲಿ ಎರಡು ಬೇಡಿಕೆಗಳಿದ್ದುದನ್ನು ಗಮನಿಸಿ. ಟ್ಯಾಂಕರ್ ಮಾರ್ಗ ನೋಡುವವರು ಹಾಲು ಶೇಖರಣಾ ವಿಭಾಗದವರು, ಕಂಪ್ರೆಸರ್ ತಾಂತ್ರಿಕ ವಿಭಾಗದ್ದು. ಎರಡನ್ನೂ ಒಂದೇ ಇ-ಮೇಲಿನಲ್ಲಿ ಇಬ್ಬರಿಗೂ ಕಳುಹಿಸಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಾರೆ ಎಂದುಕೊಳ್ಳುತ್ತಾರೆ. ಕೆಲಸ ಮಾಡುವ ಮೇಜು ಎರಡಾದರೆ ಇ-ಮೇಲೂ ಎರಡಾಗಬೇಕು. ನಾವು ತುರ್ತಿನದನ್ನು, ಅಂದರೆ ಟ್ಯಾಂಕರಿನದನ್ನು, ಮೊದಲು ಎತ್ತಿಕೊಂಡೆವು.

ಮುಂದಿನದು ಕರಡಿನ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕುವುದು: ಇದಿಲ್ಲದಿದ್ದರೆ ಅಧಿಕಾರಿಗೆ ಹೂಂ ಅಥವಾ ಉಹೂಂ ಎನ್ನಲು ಕಷ್ಟವಾಗುತ್ತದೆಯೇ? ಸ್ಥಾಪನೆಯ ವರ್ಷ, ಹಳೆಯ ದುರಸ್ತಿ, ಒಕ್ಕೂಟದ ಬಗೆಗಿನ ಕೃತಜ್ಞತೆ ಇವೆಲ್ಲ ಸುಲಭವಾಗಿ ಬಿದ್ದುಹೋದವು. ಫೋನ್ ಕರೆಗಳ ಪ್ಯಾರಾಕ್ಕೆ ಬಂದಾಗ ಕಾರ್ಯದರ್ಶಿ ಪಟ್ಟು ಹಿಡಿದರು: ‘ನಾನು ಸುಮ್ಮನೆ ಕೂತಿರಲಿಲ್ಲ ಅಂತ ಗೊತ್ತಾಗಬೇಕಲ್ಲ ಸಾರ್?’ ಉದ್ದ ಕರಡುಗಳಲ್ಲಿ ಅತಿ ಹೆಚ್ಚು ಜಾಗ ತಿನ್ನುವುದು ಈ ಸಮಜಾಯಿಷಿಯೇ, ಮತ್ತು ಅದನ್ನು ತೆಗೆಯುವುದೇ ಅತ್ಯಂತ ಕಷ್ಟ, ಏಕೆಂದರೆ ಬರೆಯುವವರ ಮಾನ ಅದಕ್ಕೆ ಅಂಟಿಕೊಂಡಿರುತ್ತದೆ. ಅದಕ್ಕೆ ಬೆಲೆಯಿಲ್ಲ ಎಂದಲ್ಲ. ದಿನಾಂಕ, ಸಮಯಗಳೊಂದಿಗೆ ಬೇರೆ ಹಾಳೆಯಲ್ಲಿ ಬರೆದು ಸಂಘದ ಕಡತದಲ್ಲಿಟ್ಟುಕೊಳ್ಳಿ, ಆಡಳಿತ ಮಂಡಳಿ ಕೇಳಿದಾಗ ಬೇಕಾಗುತ್ತದೆ ಎಂದೆ. ಅರೆಮನಸ್ಸಿನಿಂದ ಒಪ್ಪಿದರು.

ಉಳಿದ ಸಂಗತಿಗಳನ್ನು ಬರೆಯುವಾಗ ಕಚೇರಿ ಕನ್ನಡದ ಒಂದು ಚಾಳಿ ಅಡ್ಡ ಬಂತು. ‘ಒಂದು ಕಂಪ್ರೆಸರ್ ಕೆಟ್ಟಿದ್ದು, ಸಂಜೆಯ ಹಾಲು ತಂಪಾಗಲು ತಡವಾಗುತ್ತಿದ್ದು, ಈ ಸಂಬಂಧ ಹಾಲು ತಿರಸ್ಕೃತಗೊಂಡಿರುವುದರಿಂದ’ ಎಂದು ವಾಕ್ಯ ಸರಪಳಿಯಾಗುತ್ತ ಹೋಗುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುವುದರಿಂದ, ಬೇಡಿಕೆಯ ವಾಕ್ಯವನ್ನು ಮೇಲೆ ತಂದರೂ ಅದು ಉದ್ದವಾದರೆ ಬೇಡಿಕೆ ಮತ್ತೆ ಕೆಳಗೇ ಹೋಗುತ್ತದೆ. ‘ಇದ್ದು’ ಕಂಡಲ್ಲೆಲ್ಲ ‘ಇದೆ’ ಎಂದು ಪೂರ್ಣವಿರಾಮ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಕೊನೆಗೆ ಸಿದ್ಧವಾದದ್ದು ಇದು:

ವಿಷಯ: ನಾಳೆಯಿಂದ ಸಂಜೆಯೂ ಟ್ಯಾಂಕರ್ ಕೋರಿ

ಮಾನ್ಯರೇ,

ನಾಳೆ, 20ನೇ ತಾರೀಖಿನಿಂದ ನಮ್ಮ ಬಿಎಂಸಿ ದುರಸ್ತಿಯಾಗುವ ತನಕ ರಾತ್ರಿ 8ಕ್ಕೆ ಇನ್ನೊಮ್ಮೆ ಟ್ಯಾಂಕರ್ ಕಳುಹಿಸಬೇಕೆಂದು ವಿನಂತಿ. ಇಂದು ಸಂಜೆ 4ರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಒಂದು ಕಂಪ್ರೆಸರ್ 12ರಂದು ಕೆಟ್ಟಿದೆ. ಸಂಜೆಯ 700 ಲೀಟರ್ ಹಾಲು 4 ಡಿಗ್ರಿಗೆ ಇಳಿಯಲು 3 ಗಂಟೆಯ ಬದಲು 6 ಗಂಟೆ ಬೇಕಾಗುತ್ತಿದೆ. ಹುಳಿ ಅಂಶ ಹೆಚ್ಚಾಗಿ 16 ಮತ್ತು 18ರಂದು ಹಾಲು ತಿರಸ್ಕೃತವಾಗಿದೆ.

ಟ್ಯಾಂಕರ್ ಸಾಧ್ಯವಿಲ್ಲದಿದ್ದರೆ ಸಂಜೆಯ ಹಾಲನ್ನು ಕ್ಯಾನ್‌ಗಳಲ್ಲಿ ಪಕ್ಕದ ಊರಿನ ಬಿಎಂಸಿಗೆ ನಾವೇ ಸಾಗಿಸುತ್ತೇವೆ. ವಾಹನ ಬಾಡಿಗೆಗೆ ತಮ್ಮ ಒಪ್ಪಿಗೆ ಬೇಕು.

ಕೊನೆಯ ಪ್ಯಾರಾ ಮೂಲ ಕರಡಿನಲ್ಲಿ ಇರಲೇ ಇಲ್ಲ. ‘ಅವರು ಆಗುವುದಿಲ್ಲ ಎಂದರೆ ಏನು ಮಾಡುತ್ತೀರಿ?’ ಎಂದು ಕೇಳಿದ ಮೇಲೆ ಬಂದದ್ದು. ಸಂಕ್ಷೇಪಿಸುವಾಗ ಒಂದು ಸಂಗತಿ ಸೇರಿಸಬೇಕಾಗುವುದೂ ಉಂಟು. ‘ಮಾನ್ಯರೇ’, ‘ವಿನಂತಿ’ ಎಂಬ ಮಾತುಗಳನ್ನು ನಾನು ಮುಟ್ಟಲಿಲ್ಲ. ಎರಡು ಪದ ಉಳಿಸಲು ಹೋಗಿ ಆಜ್ಞೆಯಂತೆ ಕೇಳಿಸುವ ಪತ್ರ ಬರೆದರೆ ನಷ್ಟವೇ ಹೆಚ್ಚು.

ಹೆಚ್ಚು ಕತ್ತರಿಸಿದರೆ ಏನಾಗುತ್ತದೆ ಎಂಬುದೂ ಅಂದೇ ಕಂಡಿತು. ಒಂದು ಹಂತದಲ್ಲಿ ‘ದುರಸ್ತಿಯಾಗುವ ತನಕ’ ಎಂಬ ಮಾತನ್ನು ನಾವು ಹೊಡೆದುಹಾಕಿದ್ದೆವು. ವಿಷಯವೇ ಗೊತ್ತಿಲ್ಲದ ಇನ್ನೊಬ್ಬ ಶಿಬಿರಾರ್ಥಿಗೆ ಪತ್ರ ಕೊಟ್ಟು, ಮೇಲಿನೆರಡು ಸಾಲು ಓದಿ ನೀವೇ ಅಧಿಕಾರಿಯಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ‘ಇದು ಕಾಯಂ ಟ್ರಿಪ್ ಅಲ್ವಾ? ಮಾರ್ಗವನ್ನೇ ಬದಲಾಯಿಸಬೇಕಾಗುತ್ತೆ, ನಾನಂತೂ ಕೊಡಲ್ಲ’ ಎಂದರು. ಅವಧಿ, ಮಿತಿ, ಷರತ್ತುಗಳನ್ನು ಹೇಳುವ ಪುಟ್ಟ ಪದಗಳು ನೋಡಲು ಹೆಚ್ಚುವರಿಯಂತೆ ಕಂಡರೂ ಬೇಡಿಕೆಯ ಗಾತ್ರವನ್ನು ನಿರ್ಧರಿಸುವುದು ಅವೇ. ಹೊರಗಿನ ಒಬ್ಬರು ಒಮ್ಮೆ ಓದಿ, ಕೇಳಿದ್ದನ್ನೇ ಸರಿಯಾಗಿ ಮರಳಿ ಹೇಳಿದರೆ ಪತ್ರ ಕಳುಹಿಸಬಹುದು.

ಈ ಅಚ್ಚು ಎಲ್ಲ ಪತ್ರಕ್ಕೂ ಹೊಂದುವುದಿಲ್ಲ. ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರಿಸುವಾಗ ಉಲ್ಲೇಖ, ಕ್ರಮಸಂಖ್ಯೆ, ಪೂರ್ಣ ವಿವರ ಬೇಕೇ ಬೇಕು. ಅಲ್ಲಿ ಗಿಡ್ಡ ಮಾಡಿದರೆ ಇನ್ನೊಂದು ಸುತ್ತು ಪ್ರಶ್ನೆ ಬರುತ್ತದೆ.

ತಾಂತ್ರಿಕ ವಿಭಾಗದ ಇ-ಮೇಲನ್ನು ಕಾರ್ಯದರ್ಶಿಗಳು ಊಟದ ವಿರಾಮದಲ್ಲಿ ತಾವೇ ಬರೆದರು. ಮೊದಲ ಸಾಲಿನಲ್ಲೇ ಕಂಪ್ರೆಸರ್ ಇತ್ತು. ನಾನು ತಿದ್ದಿದ್ದು ಒಂದೇ ಕಡೆ: ‘ಆದಷ್ಟು ಬೇಗನೆ’ ಎಂಬುದರ ಜಾಗದಲ್ಲಿ ‘25ರೊಳಗೆ’ ಎಂದು ಹಾಕಿಸಿದೆ.