ಮೂರು ಇಂಚು ನೀರು, ಆದರೆ ಯಾವ ತಿಂಗಳಲ್ಲಿ?

ಚಳ್ಳಕೆರೆ, ಜಗಳೂರು ಕಡೆ ಬೋರ್ ಕೊರೆಸಿದವರನ್ನು ನೀರು ಎಷ್ಟು ಬಿತ್ತು ಅಂತ ಕೇಳಿ. ಲೀಟರ್ ಲೆಕ್ಕ ಹೇಳುವವರು ಕಡಿಮೆ. ‘ಮೂರು ಇಂಚು’ ಅಂತಾರೆ. ಅದು ಪೈಪಿನ ಅಗಲ ಅಲ್ಲ. ಬೋರಿನಿಂದ ಚಿಮ್ಮುವ ನೀರನ್ನು ಒಂದೆಡೆ ನಿಲ್ಲಿಸಿ, ತಗಡಿನಲ್ಲಿ ಕತ್ತರಿಸಿದ ವಿ ಆಕಾರದ ಸೀಳಿನ ಮೂಲಕ ಹರಿಯಲು ಬಿಡುತ್ತಾರೆ. ಸೀಳಿನ ಬುಡದಿಂದ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಅಂತ ಸ್ಕೇಲ್ ಹಿಡಿದು ನೋಡುತ್ತಾರೆ. ಆ ಎತ್ತರವೇ ಈ ಇಂಚು.

ಬಾಯಲ್ಲಿ ಬಂದ ಈ ಮಾತು ಸ್ವಲ್ಪ ದಿನದಲ್ಲಿ ಒಂದು ಹಳ್ಳಿಯ ಕುಡಿಯುವ ನೀರಿನ ಯೋಜನೆಯೊಳಗೆ ಸೇರುತ್ತದೆ. ಅಲ್ಲಿ ಅದು ‘ಗಂಟೆಗೆ 8,000 ಲೀಟರ್’ ಆಗಿರುತ್ತದೆ. ಅಚ್ಚಾದ ಅಂಕಿಗೆ ಒಂದು ಗತ್ತು ಇರುತ್ತದೆ ನೋಡಿ, ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲ. ಅದಕ್ಕೇ ಜಾಗರೂಕ ಎಂಜಿನಿಯರುಗಳು ಯೋಜನೆಯ ಜೊತೆ ಇನ್ನೊಂದು ಪುಟ ಸೇರಿಸುತ್ತಾರೆ. ಲೆಕ್ಕದಲ್ಲಿ ಬಳಸಿದ ಪ್ರತಿ ಅಂಕಿಗೂ ಅಲ್ಲಿ ಒಂದು ಸಾಲು. ಅಂಕಿ ಎಲ್ಲಿಂದ ಬಂತು, ಯಾವ ದಿನದ್ದು, ಅದರ ಮೇಲೆ ಯಾವ ಲೆಕ್ಕ ನಿಂತಿದೆ, ಮತ್ತೆ ಯಾವಾಗ ಪರೀಕ್ಷೆ ಮಾಡಬೇಕು ಅಂತ ಆ ಸಾಲು ಹೇಳುತ್ತದೆ. ಆಧಾರ ಪುಟ ಅಂತ ಕರೆಯೋಣ.

ಚಿತ್ರದುರ್ಗ ಜಿಲ್ಲೆಯಲ್ಲಿ ಒಂದು ಊರು ಇದೆ ಅಂದುಕೊಳ್ಳಿ. 2011ರ ಗಣತಿಯಲ್ಲಿ ಜನ 2,400. ಜಿಲ್ಲೆಯ ಜನಸಂಖ್ಯೆ 2001ರಿಂದ 2011ರ ನಡುವೆ ಶೇ 9.33 ಹೆಚ್ಚಿತ್ತು. ಅದೇ ವೇಗದಲ್ಲಿ ಬೆಳೆದಿದ್ದರೆ 2026ಕ್ಕೆ ಸುಮಾರು 2,744 ಜನ. ಜಲ ಜೀವನ್ ಮಿಷನ್ ಹೇಳುವಂತೆ ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕು. ಪೈಪಿನಲ್ಲಿ ಶೇ 15 ಸೋರಿ ಹೋಗುತ್ತದೆ ಅಂತ ಹಿಡಿದರೆ ದಿನಕ್ಕೆ ಸುಮಾರು 1,77,500 ಲೀಟರ್ ಎತ್ತಬೇಕು. ಊರಿಗೆ ಎರಡು ಬೋರ್, ಎರಡರಲ್ಲೂ ಮೂರು ಇಂಚು. ದಿನಕ್ಕೆ 16 ಗಂಟೆ ಪಂಪ್ ಓಡಿದರೆ 2,56,000 ಲೀಟರ್. ಬೇಕಾದದ್ದಕ್ಕಿಂತ ಜಾಸ್ತಿಯೇ ಇದೆ, ಅಲ್ವಾ? ಯೋಜನೆ ಪಾಸ್.

ಈಗ ಆಧಾರ ಪುಟದಲ್ಲಿ ಬೋರಿನ ಸಾಲು ಓದೋಣ. ‘ಇಳುವರಿ: ಗಂಟೆಗೆ 8,000 ಲೀಟರ್. ಮೂಲ: ರಿಗ್‌ನವರ ಬಾಯಿ ಮಾತು, 3 ಇಂಚು. ದಿನ: ಕೊರೆದ ದಿನ, ನವೆಂಬರ್. ಪಂಪ್ ಇಳಿಸಿ ಅಳೆದಿಲ್ಲ.’

ಮಳೆಗಾಲ ಮುಗಿದ ಕೂಡಲೇ ಬಂಡೆಯ ಬಿರುಕುಗಳಲ್ಲಿ ನೀರು ತುಂಬಿರುತ್ತದೆ. ಏಪ್ರಿಲ್ ಹೊತ್ತಿಗೆ ಅದೇ ಬೋರ್ ಎರಡು ಇಂಚಿಗೆ ಬರಬಹುದು. ಮೂರು ಹೋಗಿ ಎರಡಾಯಿತು, ಮೂರನೇ ಒಂದು ಭಾಗ ಕಡಿಮೆ, ಹೇಗೋ ಸುಧಾರಿಸಬಹುದು ಅನ್ನಿಸುತ್ತದೆ. ಆದರೆ ವಿ ಸೀಳಿನ ಲೆಕ್ಕ ಹಾಗೆ ಇಳಿಯುವುದಿಲ್ಲ. ನೀರು ಮೇಲೇರಿದಷ್ಟೂ ಸೀಳು ಅಗಲವಾಗುತ್ತದೆ, ನೀರಿನ ವೇಗವೂ ಹೆಚ್ಚುತ್ತದೆ. 90 ಡಿಗ್ರಿಯ ಸೀಳಿಗೆ ಬಳಸುವ ಸೂತ್ರ ಇದು:

```
Q = 1.38 × H^2.5
```

`H` ಅಂದರೆ ಮೀಟರಿನಲ್ಲಿ ಎತ್ತರ, `Q` ಅಂದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು. ಮೂರು ಇಂಚಿಗೆ ಗಂಟೆಗೆ ಸುಮಾರು 8,000 ಲೀಟರ್ ಬರುತ್ತದೆ. ಎರಡು ಇಂಚಿಗೆ ಬರುವುದು ಸುಮಾರು 2,900. ಒಂದು ಇಂಚು ಇಳಿದರೆ ನೀರು ಮೂರನೇ ಒಂದರಷ್ಟು ಹತ್ತಿರಕ್ಕೆ ಕುಸಿಯುತ್ತದೆ! ಎರಡು ಬೋರ್ 16 ಗಂಟೆ ಓಡಿದರೂ 92,800 ಲೀಟರ್. ಊರಿಗೆ ಬೇಕಾದದ್ದರ ಅರ್ಧ, ಅದೂ ಬೇಸಿಗೆಯಲ್ಲಿ. ಲೆಕ್ಕದ ಉಳಿದ ಅಂಕಿಗಳೆಲ್ಲ ಸರಿಯಾಗಿಯೇ ಇದ್ದವು. ಸಾಲಿನಲ್ಲಿ ‘ನವೆಂಬರ್’ ಅನ್ನುವ ಪದ ಇಲ್ಲದಿದ್ದರೆ ಟ್ಯಾಂಕ್ ಕಟ್ಟಿ, ನಲ್ಲಿ ಹಾಕಿಸಿ, ಮೊದಲ ಬೇಸಿಗೆ ಬಂದ ಮೇಲೇ ಇದು ಗೊತ್ತಾಗುತ್ತಿತ್ತು.

ಅದಕ್ಕೇ ‘ಇದರ ಮೇಲೆ ಏನು ನಿಂತಿದೆ’ ಅನ್ನುವ ಕಾಲಂ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಜನಸಂಖ್ಯೆಯಲ್ಲಿ ಶೇ 10 ತಪ್ಪಿದರೆ ನೀರಿನ ಬೇಡಿಕೆಯೂ ಶೇ 10 ತಪ್ಪುತ್ತದೆ, ಅಷ್ಟೇ. ಇಂಚಿನಲ್ಲಿ ತಪ್ಪಿದರೆ ಯೋಜನೆಯೇ ಮಗುಚುತ್ತದೆ. ಪುಟದಲ್ಲಿ ಇಪ್ಪತ್ತು ಸಾಲು ಇದ್ದರೂ ಓಡಾಡಿ ಪರೀಕ್ಷಿಸಬೇಕಾದವು ಎರಡೋ ಮೂರೋ.

ದಿನಾಂಕದಲ್ಲೂ ಒಂದು ಮೋಸ ಇದೆ. ಯಾರೋ 2024ರ ವರದಿಯಿಂದ ಜನಸಂಖ್ಯೆ ತೆಗೆದುಕೊಂಡು ‘ಮೂಲ: 2024ರ ವರದಿ’ ಅಂತ ಬರೆಯುತ್ತಾರೆ. ಆ ವರದಿ ಹಿಂದಿನ ಇನ್ನೊಂದು ವರದಿಯಿಂದ ತೆಗೆದುಕೊಂಡಿರುತ್ತದೆ, ಅದು ಗಣತಿಯಿಂದ. ಎಣಿಸಿದ್ದು 2011ರಲ್ಲಿ, ಓದುವವರಿಗೆ ಕಾಣುವುದು 2024. ಹಾಗಾಗಿ ಅಳೆದ ದಿನ ಬೇರೆ, ನಕಲು ಮಾಡಿದ ದಿನ ಬೇರೆ ಅಂತ ಎರಡು ಕಾಲಂ ಬೇಕು. ನಮ್ಮ ಊರಿನ ಸಾಲಿನಲ್ಲಿ ಇನ್ನೂ ಒಂದು ಮಾತು ಬರೆಯಬೇಕು: ಶೇ 9.33 ಇಡೀ ಜಿಲ್ಲೆಯದ್ದು, ಊರಿನದ್ದಲ್ಲ. ಹುಡುಗರೆಲ್ಲ ಬೆಂಗಳೂರಿಗೆ ಹೋದ ಊರಿನಲ್ಲಿ ಜನ ಕಡಿಮೆಯೇ ಆಗಿರಬಹುದು. ಮತ್ತೆ ನೋಡುವ ದಿನವನ್ನಂತೂ ಸುಲಭವಾಗಿ ತುಂಬಬಹುದು. ಮುಂದಿನ ಗಣತಿಗೆ ದೇಶದ ಬಹುಪಾಲಿಗೆ 2027ರ ಮಾರ್ಚ್ 1 ಅನ್ನು ಲೆಕ್ಕದ ದಿನವಾಗಿ ಇಟ್ಟಿದ್ದಾರೆ.

ವಾಡಿಕೆ ಮಳೆ ಅನ್ನುವುದಕ್ಕೂ ದಿನಾಂಕ ಇರುತ್ತದೆ. ದೇಶದ ಮುಂಗಾರಿನ ವಾಡಿಕೆ ಮೊದಲು 880.6 ಮಿ.ಮೀ. ಇತ್ತು. ಅದು 1961ರಿಂದ 2010ರವರೆಗಿನ ಸರಾಸರಿ. 2022ರಲ್ಲಿ ಹವಾಮಾನ ಇಲಾಖೆ 1971–2020ರ ಸರಾಸರಿಗೆ ಬಂತು, ವಾಡಿಕೆ 868.6 ಆಯಿತು. ‘ವಾಡಿಕೆಗಿಂತ ಕಡಿಮೆ’ ಅಂತ ಬರೆದವರು ಯಾವ ವಾಡಿಕೆ ಅಂತಲೂ ಬರೆಯಬೇಕು.

ಇನ್ನು 55 ಲೀಟರ್. ಇದನ್ನು ಯಾರೂ ಊರಿನಲ್ಲಿ ಅಳೆದು ತಂದಿಲ್ಲ. ಇಷ್ಟು ಕೊಡಬೇಕು ಅಂತ ಸರ್ಕಾರ ಮಾಡಿದ ತೀರ್ಮಾನ. ಸೋರಿಕೆಯ ಶೇ 15 ಅಂತೂ ಶುದ್ಧ ಊಹೆ. ಆದ್ದರಿಂದ ಪ್ರತಿ ಸಾಲಿನ ತಲೆಯಲ್ಲಿ ‘ಅಳತೆ’, ‘ನಿಯಮ’, ‘ಊಹೆ’ ಇವುಗಳಲ್ಲಿ ಒಂದನ್ನು ಬರೆಯುವುದು ಒಳ್ಳೆಯದು. ಊಹೆ ಅಂತ ಬರೆಯಲು ನಾಚಿಕೆ ಪಟ್ಟುಕೊಂಡು ಸುಮ್ನೆ ‘ಇಲಾಖೆ’ ಅಂತ ಗೀಚಿದ ಸಾಲುಗಳು ಬೇಗ ಕಣ್ಣಿಗೆ ಬೀಳುತ್ತವೆ. ಯಾವ ಇಲಾಖೆ, ಯಾವ ಕಾಗದ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಸೊನ್ನೆಗೂ ಒಂದು ಸಾಲು ಬೇಕು. ‘ಕುರಿ, ದನಗಳಿಗೆ ನೀರು: 0 ಲೀಟರ್’ ಅಂತ ಕಪ್ಪು ಅಕ್ಷರದಲ್ಲಿ ಇದ್ದರೆ ಗ್ರಾಮ ಸಭೆಯಲ್ಲಿ ಕುರಿ ಸಾಕುವವರು ಎದ್ದು ನಿಂತು ಕೇಳುತ್ತಾರೆ. ಆ ಸಾಲೇ ಇಲ್ಲದಿದ್ದರೆ ಯಾರಿಗೂ ಹೊಳೆಯುವುದಿಲ್ಲ.

ಈ ಪುಟ ಇದ್ದ ಮಾತ್ರಕ್ಕೆ ಅಂಕಿ ಸರಿಯಾಗುವುದಿಲ್ಲ. ಮೂಲ, ದಿನಾಂಕ ಎಲ್ಲ ಅಚ್ಚುಕಟ್ಟಾಗಿದ್ದೂ ಅಳತೆ ತಪ್ಪಿರಬಹುದು. ಬೋರಿನ ವಿಷಯದಲ್ಲಿ ಹೀಗೆ ಆಗುವುದು ಪಂಪ್ ಹಾಕಿದ ಮೊದಲ ನಿಮಿಷಗಳಲ್ಲಿ. ಆರೂವರೆ ಇಂಚಿನ ಕೊಳವೆಯಲ್ಲಿ ಮೀಟರಿಗೆ ಸುಮಾರು 21 ಲೀಟರ್ ನೀರು ನಿಂತಿರುತ್ತದೆ. 100 ಮೀಟರ್ ನಿಂತಿದ್ದರೆ ಎರಡು ಸಾವಿರ ಲೀಟರಿಗೂ ಹೆಚ್ಚು. ಮೊದಲು ಬರುವುದು ಆ ಕೂಡಿಟ್ಟ ನೀರು, ಬಂಡೆ ಕೊಡುವ ನೀರಲ್ಲ.

ಹಾಗಾಗಿ ಸಾಲನ್ನು ತಿದ್ದುವ ಕೆಲಸ ನೀರಗಂಟಿಯ ಕೈಯಲ್ಲೇ ಆಗಬಹುದು. ಏಪ್ರಿಲ್‌ನಲ್ಲಿ ಪಂಪನ್ನು ಕೆಲವು ಗಂಟೆ ಓಡಲು ಬಿಡಬೇಕು. ಆಮೇಲೆ ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ ಇಟ್ಟು ಮೊಬೈಲ್‌ನಲ್ಲಿ ಸಮಯ ನೋಡಬೇಕು. ಒಂದೂವರೆ ನಿಮಿಷಕ್ಕೆ ತುಂಬಿದರೆ ಗಂಟೆಗೆ 8,000 ಲೀಟರ್. ನಾಲ್ಕು ನಿಮಿಷ ದಾಟಿದರೆ 3,000ಕ್ಕೂ ಕಡಿಮೆ. ಹಳೆಯ ಅಂಕಿಯನ್ನು ಅಳಿಸಬಾರದು. ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ಅಂಕಿ, ಅಳೆದ ದಿನ, ಅಳೆದವರ ಸಹಿ ಹಾಕಬೇಕು. ಮೂರನೇ ಬೋರ್ ಬೇಕೋ ಬೇಡವೋ ಅನ್ನುವ ಚರ್ಚೆಯನ್ನು ಆ ಸಾಲು ಇಟ್ಟುಕೊಂಡು ಶುರು ಮಾಡಬಹುದು.