√2 ಸಾಧನೆಯ ಕೊನೆಯಲ್ಲಿ ಇನ್ನೊಮ್ಮೆ 2ರಿಂದ ಭಾಗಿಸಿದರೆ ಆಗಲ್ವಾ?

ಪ್ರಶ್ನೆ: √2 ಅಭಾಗಲಬ್ಧ ಅಂತ ಸಾಧಿಸುವಾಗ ಕೊನೆಗೆ p, q ಎರಡೂ ಸಮ ಅಂತ ಬರುತ್ತದೆ. ಅಲ್ಲಿಗೆ ‘ವೈರುಧ್ಯ’ ಎಂದು ಬರೆದು ಮುಗಿಸುತ್ತಾರೆ. ಎರಡೂ ಸಮವಾದರೆ 2ರಿಂದ ಭಾಗಿಸಿ ಮುಂದೆ ಹೋಗಬಹುದಲ್ವಾ?

ಉತ್ತರ: ಇದಕ್ಕೆ ಉತ್ತರ ಮೊದಲ ಸಾಲಿನಲ್ಲೇ ಇದೆ. √2 = p/q ಎಂದು ಇಟ್ಟುಕೊಳ್ಳುವಾಗ, ಆ ಭಿನ್ನರಾಶಿಯನ್ನು ಆಗಲೇ ಪೂರ್ತಿ ಸಂಕ್ಷೇಪಿಸಿ ಬರೆದಿದ್ದೇವೆ. ಅಂದರೆ p, q ಎರಡನ್ನೂ ಭಾಗಿಸುವ ಸಂಖ್ಯೆ 1 ಮಾತ್ರ. ಇದು ಬೇರೆ ಊಹೆಯಲ್ಲ. 30/42 ಸಿಕ್ಕರೆ 5/7 ಮಾಡಿಕೊಳ್ಳುತ್ತೇವಲ್ಲ, ಹಾಗೆ ಯಾವ ಭಿನ್ನರಾಶಿಯನ್ನಾದರೂ ಸಂಕ್ಷೇಪಿಸಬಹುದು. ಆದ್ದರಿಂದ ಮುಂದೆ ಎಡವಟ್ಟಾದರೆ ಅದಕ್ಕೆ ಕಾರಣ ಒಂದೇ: √2 ಭಿನ್ನರಾಶಿ ಎಂದುಕೊಂಡದ್ದು.

ಈಗ ಎರಡೂ ಕಡೆ ವರ್ಗ ಮಾಡಿ:

p² = 2q²

ಬಲಗಡೆ ಸಮ ಸಂಖ್ಯೆ. ಹಾಗಾಗಿ p² ಸಮ. ಇಲ್ಲಿಂದ p ಕೂಡ ಸಮ ಎನ್ನುತ್ತೇವೆ. ಈ ಹೆಜ್ಜೆಯನ್ನು ಸುಮ್ನೆ ದಾಟಬೇಡಿ, ಇಡೀ ಸಾಧನೆ ನಿಂತಿರುವುದೇ ಇದರ ಮೇಲೆ. p ಬೆಸವಾಗಿದ್ದರೆ p = 2k + 1. ಅದರ ವರ್ಗ 4k² + 4k + 1, ಅದೂ ಬೆಸವೇ. 17/12 ನೋಡಿ, √2ಗೆ ತುಂಬಾ ಹತ್ತಿರದ್ದು. 17ರ ವರ್ಗ 289. ಆದರೆ 2 × 144 = 288. ಒಂದೇ ಒಂದು ಜಾಸ್ತಿ! 17 ಬೆಸ ಆಗಿರುವುದರಿಂದ ಕೆಳಗೆ ಯಾವ ಪೂರ್ಣಾಂಕ ಇಟ್ಟರೂ ಈ ಲೆಕ್ಕ ಕೂಡಿಬರುವುದಿಲ್ಲ.

p ಸಮವಾದ್ದರಿಂದ p = 2m ಎಂದು ಬರೆಯೋಣ. 4m² = 2q², ಅಂದರೆ q² = 2m². ಮತ್ತೆ ಅದೇ ಮಾತು, q ಕೂಡ ಸಮ. p, q ಎರಡನ್ನೂ 2 ಭಾಗಿಸುತ್ತದೆ. ಆದರೆ ಭಾಗಿಸಲು ಏನೂ ಉಳಿದಿರಬಾರದಿತ್ತು. ವೈರುಧ್ಯ ಇದೇ.

ನೀವು ಹೇಳಿದಂತೆ ಭಾಗಿಸಿಯೇ ನೋಡೋಣ. p/2, q/2ಗೂ ಅದೇ ಸಮೀಕರಣ ಹೊಂದುತ್ತದೆ, ಆದ್ದರಿಂದ ಅವೂ ಸಮ. ಮತ್ತೆ ಭಾಗಿಸಿ, ಮತ್ತೆ ಸಮ. ಆದರೆ ಧನ ಪೂರ್ಣಾಂಕವನ್ನು ಹೀಗೆ ಕೊನೆಯಿಲ್ಲದೆ ಅರ್ಧ ಮಾಡಲಾಗದು. 96 ತೆಗೆದುಕೊಂಡರೆ 48, 24, 12, 6, 3. ಅಲ್ಲಿಗೆ ನಿಂತಿತು. ಅಂದರೆ ನಿಮ್ಮ ದಾರಿಯೂ ಸರಿಯಾದ ಸಾಧನೆಯೇ. ‘ಸಂಕ್ಷಿಪ್ತ ರೂಪ’ ಎಂದು ಮೊದಲೇ ಹೇಳಿಬಿಟ್ಟರೆ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ, ಅಷ್ಟೆ.

ನಿಮಗೆ ಅರ್ಥವಾಗಿದೆಯೇ ಎಂದು ನೋಡಲು ಇದೇ ಸಾಧನೆಯನ್ನು √4ಗೆ ಹಚ್ಚಿ. p² = 4q², ಆದ್ದರಿಂದ 4 ಎಂಬುದು p²ಅನ್ನು ಭಾಗಿಸುತ್ತದೆ. ಹಾಗಾದರೆ pಯನ್ನೂ ಭಾಗಿಸುತ್ತದೆಯೇ? ಇಲ್ಲ. p = 2 ಇಟ್ಟು ನೋಡಿ: 2ರ ವರ್ಗ 4, ಅದನ್ನು 4 ಭಾಗಿಸುತ್ತದೆ, ಆದರೆ 2ನ್ನು ಭಾಗಿಸುವುದಿಲ್ಲ. ಸಾಧನೆ ಅಲ್ಲೇ ಮುರಿಯುತ್ತದೆ. ಮುರಿಯಲೇಬೇಕು, √4 ಅಂದರೆ 2 ತಾನೇ.